ಅಜ್ಜನ ಹೊಲವೆಲ್ಲ ಪಿತ್ರಾರ್ಜಿತವಲ್ಲ: ಧಾರವಾಡ ಕಡೆಯ ಒಂದು ಮನೆಯ ಪಾಲಿನ ಲೆಕ್ಕ

ಆ ಹೆಣ್ಣುಮಗಳು ನನ್ನ ಕಚೇರಿಗೆ ಬಂದಾಗ ಕೈಯಲ್ಲಿ ಒಂದೇ ಒಂದು ಕಾಗದ ಇತ್ತು. ನಾಡಕಚೇರಿಯಲ್ಲಿ ತೆಗೆಸಿದ ಪಹಣಿ. ಒಂಬತ್ತನೇ ಕಾಲಮ್ಮಿನಲ್ಲಿ ಅಪ್ಪನ ಹೆಸರು ಹೋಗಿ ಇಬ್ಬರು ತಮ್ಮಂದಿರ ಹೆಸರು ಕೂತಿತ್ತು. ಅವ್ವನ ಹೆಸರೂ ಇಲ್ಲ, ಇವಳ ಹೆಸರೂ ಇಲ್ಲ.

"ನನಗ ಹೊಲದ ಆಸೆ ಇಲ್ರಿ ವಕೀಲ್ರ. ಆದ್ರ ನಾ ಆ ಮನಿ ಮಗಳೇ ಅಲ್ಲೇನೋ ಅನ್ನೂ ಹಂಗ ಬರದಾರಲ್ರಿ" ಅಂದಳು.

ಈ ಪ್ರಕರಣವನ್ನು ಬರೆಯಲು ಒಂದು ಕಾರಣ ಇದೆ. ಪಾಲಿನ ಜಗಳದಲ್ಲಿ ಎಲ್ಲರ ಬಾಯಲ್ಲೂ ಬರುವ ಮಾತು 'ಪಿತ್ರಾರ್ಜಿತ'. ಅಜ್ಜನ ಕಾಲದಿಂದ ಬಂದದ್ದೆಲ್ಲ ಪಿತ್ರಾರ್ಜಿತ ಅಂತ ಹೆಚ್ಚಿನವರು ನಂಬಿದ್ದಾರೆ. ಕಾನೂನು ಹಾಗೆ ನೋಡುವುದಿಲ್ಲ. ಆಸ್ತಿ ಎಷ್ಟು ಹಳೆಯದು ಅನ್ನುವುದಕ್ಕಿಂತ ಅದು ಅಪ್ಪನ ಕೈಗೆ ಯಾವ ದಾರಿಯಿಂದ ಬಂತು ಅನ್ನುವುದೇ ಮುಖ್ಯ. ಈ ಮನೆಯಲ್ಲಿ ಆ ಒಂದು ಪ್ರಶ್ನೆಯ ಮೇಲೆಯೇ ಯಾರಿಗೆ ಎಷ್ಟು ಗುಂಟೆ ಅನ್ನುವುದು ನಿಂತಿತ್ತು. ಗುರುತು ಸಿಗಬಾರದು ಅಂತ ಹೆಸರು ಬಿಟ್ಟಿದ್ದೇನೆ, ವಿಸ್ತೀರ್ಣವನ್ನೂ ಸ್ವಲ್ಪ ಬದಲಿಸಿದ್ದೇನೆ. ಲೆಕ್ಕದ ದಾರಿ ಮಾತ್ರ ಇದ್ದಂತೆಯೇ ಇದೆ.

ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. 2017ರಲ್ಲಿ ತೀರಿಕೊಂಡರು. ಮರಣಪತ್ರ, ಅಂದರೆ ವಿಲ್, ಬರೆದಿರಲಿಲ್ಲ. ಅವರು ಹೋದಾಗ ಮನೆಯಲ್ಲಿ ಇದ್ದವರು ಹೆಂಡತಿ, ದೊಡ್ಡ ಮಗಳು (ಮದುವೆ 1991ರಲ್ಲಿ ಆಗಿತ್ತು), ಇಬ್ಬರು ಗಂಡುಮಕ್ಕಳು. ಇನ್ನೊಬ್ಬರನ್ನು ಎಲ್ಲರೂ ಮರೆತಿದ್ದರು. ಅಪ್ಪನ ಹೆತ್ತ ತಾಯಿ, ಮಕ್ಕಳಿಗೆ ಅಜ್ಜಿ, ಆಗಿನ್ನೂ ಬದುಕಿದ್ದರು. ಅಪ್ಪನಿಗೆ ಒಬ್ಬ ತಮ್ಮ, ಒಬ್ಬ ತಂಗಿ. ಮಕ್ಕಳಿಗೆ ಅವರು ಕಾಕಾ ಮತ್ತು ಅತ್ತಿ.

ಆಸ್ತಿ ಇದ್ದದ್ದು ಹೀಗೆ. ಊರಲ್ಲಿ ಐದು ಎಕರೆಯ ದೊಡ್ಡ ಹೊಲ. ಹಳ್ಳದ ದಂಡೆಯಲ್ಲಿ ಎರಡು ಎಕರೆ. ಧಾರವಾಡದಲ್ಲಿ ಒಂದು ಮನೆ. ಬ್ಯಾಂಕಿನಲ್ಲಿ ಹತ್ತು ಲಕ್ಷದ ಠೇವಣಿ, ಅದಕ್ಕೆ ನಾಮಿನಿ ದೊಡ್ಡ ತಮ್ಮ.

ತಮ್ಮಂದಿರ ಮಾತು ಸರಳವಾಗಿತ್ತು. ಹೊಲ ಎರಡೂ ಅಜ್ಜನದು, ಅದು ಗಂಡುಮಕ್ಕಳಿಗೆ. ಅಕ್ಕನ ಮದುವೆಗೆ ಅಪ್ಪ ಖರ್ಚು ಮಾಡಿದ್ದಾರೆ, ಬಂಗಾರ ಹಾಕಿದ್ದಾರೆ, ಅಲ್ಲಿಗೆ ಅವಳ ಲೆಕ್ಕ ಮುಗಿಯಿತು. ಇದು ಕೆಟ್ಟತನದಿಂದ ಆಡಿದ ಮಾತು ಅಂತ ನನಗೆ ಅನಿಸಲಿಲ್ಲ. ಅವರ ಅಪ್ಪನೂ ಹಾಗೆಯೇ ಮಾಡಿದ್ದನ್ನು ನೋಡಿದ್ದರು. ಆದರೆ ಮದುವೆಗೆ ಕೊಟ್ಟದ್ದು ಪಾಲನ್ನು ಅಳಿಸುವುದಿಲ್ಲ.

ನಾನು ಅಕ್ಕನಿಗೆ ಹೇಳಿದ ಮೊದಲ ಕೆಲಸ ಕೋರ್ಟಿಗೆ ಹೋಗುವುದಲ್ಲ, ಹಳೆಯ ಕಾಗದ ತರುವುದು. ಪಹಣಿಯ ಹತ್ತನೇ ಕಾಲಮ್ಮಿನಲ್ಲಿ ಹಕ್ಕು ಹೇಗೆ ಬಂತು ಅಂತ ಇರುತ್ತದೆ, ಜೊತೆಗೆ ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆಯ ನಂಬರು. ಆ ನಂಬರು ಹಿಡಿದು ಹಿಂದಕ್ಕೆ ಹೋದರೆ ಹಳೆಯ ಡೈರಿ ಉತಾರ, ಅಂದರೆ ಆ ಬದಲಾವಣೆಯ ದಾಖಲೆಯ ನಕಲು ಸಿಗುತ್ತದೆ. ಅದರಲ್ಲಿ ಒಂದು ಶಬ್ದ ಇರುತ್ತದೆ: ಮನೆಯವರು ಪಾಲು ಮಾಡಿಕೊಂಡಿದ್ದರೆ 'ವಾಟ್ನಿ', ಸತ್ತವರಿಂದ ಬಂದಿದ್ದರೆ 'ವಾರಸಾ', ಕೊಂಡಿದ್ದರೆ 'ಖರೀದಿ'. ಜನ ಸರ್ವೆ ನಂಬರು ನೋಡುತ್ತಾರೆ, ಈ ಶಬ್ದ ನೋಡುವುದಿಲ್ಲ. ನಿಜವಾದ ಕಥೆ ಅಲ್ಲೇ ಇರುತ್ತದೆ.

ಎರಡು ವಾರದ ನಂತರ ಅಕ್ಕ ತಂದ ಉತಾರಗಳಲ್ಲಿ ಕಥೆ ಹೀಗಿತ್ತು.

ಐದು ಎಕರೆಯ ಮುಂದೆ 'ವಾಟ್ನಿ ಪ್ರಕಾರ' ಅಂತ ಇತ್ತು. 1974ರಲ್ಲಿ ಅಜ್ಜ ಬದುಕಿದ್ದಾಗಲೇ ಹಿರಿಯರಿಂದ ಬಂದ ಜಮೀನನ್ನು ತಾನು ಮತ್ತು ಇಬ್ಬರು ಗಂಡುಮಕ್ಕಳು ಭಾಗ ಮಾಡಿಕೊಂಡಿದ್ದರು. ನೋಂದಣಿ ಆದ ಪತ್ರ. ಅಪ್ಪನ ಭಾಗಕ್ಕೆ ಐದು ಎಕರೆ ಬಂತು. ಅಜ್ಜ ತನ್ನ ಭಾಗವನ್ನು ಮುಂದೆ ಮಾರಿಬಿಟ್ಟಿದ್ದರು.

ಎರಡು ಎಕರೆಯ ಮುಂದೆ 'ವಾರಸಾ' ಅಂತ ಇತ್ತು. ಅದು ಅಜ್ಜ ತಮ್ಮ ಸ್ವಂತ ದುಡಿಮೆಯಲ್ಲಿ ಕೊಂಡಿದ್ದ ನಾಲ್ಕು ಎಕರೆಯ ಅರ್ಧ. ಅಜ್ಜ 1983ರಲ್ಲಿ ವಿಲ್ ಇಲ್ಲದೆ ತೀರಿಕೊಂಡಾಗ ವಾರಸುದಾರರು ನಾಲ್ವರು: ಅಜ್ಜಿ, ಅಪ್ಪ, ಕಾಕಾ, ಅತ್ತಿ. ಆಮೇಲೆ ಅಜ್ಜಿ ಮತ್ತು ಅತ್ತಿ ತಮ್ಮ ಒಂದೊಂದು ಎಕರೆಯನ್ನು ನೋಂದಣಿ ಮಾಡಿ ಬಿಟ್ಟುಕೊಟ್ಟಿದ್ದರು. ಹೀಗೆ ಅಪ್ಪನಿಗೆ ಎರಡು, ಕಾಕಾನಿಗೆ ಎರಡು.

ಎರಡೂ ಹೊಲ ಅಜ್ಜನ ಕಡೆಯಿಂದಲೇ ಬಂದದ್ದು ನಿಜ. ಆದರೆ ಕಾನೂನಿನ ಕಣ್ಣಿಗೆ ಐದು ಎಕರೆ ಮಾತ್ರ ಪಿತ್ರಾರ್ಜಿತ. ಅವಿಭಕ್ತ ಕುಟುಂಬದ ಆಸ್ತಿ ವಾಟ್ನಿಯಲ್ಲಿ ಕೈಗೆ ಬಂದರೆ, ಆಮೇಲೆ ಹುಟ್ಟುವ ಮಕ್ಕಳಿಗೂ ಅದರಲ್ಲಿ ಹುಟ್ಟಿನಿಂದಲೇ ಹಕ್ಕು ಇರುತ್ತದೆ. ಎರಡು ಎಕರೆಯ ವಿಷಯ ಬೇರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ, ತಂದೆ ಸ್ವಂತವಾಗಿ ಗಳಿಸಿದ್ದು ವಿಲ್ ಇಲ್ಲದೆ 8ನೇ ಕಲಮಿನ ಪ್ರಕಾರ ಮಗನಿಗೆ ಬಂದರೆ ಅದು ಆ ಮಗನ ಸ್ವಂತ ಆಸ್ತಿ. ಮೊಮ್ಮಕ್ಕಳಿಗೆ ಅದರಲ್ಲಿ ಹುಟ್ಟಿನ ಹಕ್ಕಿಲ್ಲ. 1986ರ ಚಂದರ್ ಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಹಾಗಾಗಿ ಹಳ್ಳದ ದಂಡೆಯ ಎರಡು ಎಕರೆ, ಸಂಬಳದ ಮೇಲೆ ಸಾಲ ಮಾಡಿ ಕೊಂಡ ಧಾರವಾಡದ ಮನೆ, ಬ್ಯಾಂಕಿನ ಠೇವಣಿ ಮೂರೂ ಒಂದೇ ಸಾಲಿಗೆ ಸೇರಿದವು. ಎಲ್ಲ ಅಪ್ಪನ ಸ್ವಂತದ್ದು.

ಸ್ವಂತ ಆಸ್ತಿಯ ಲೆಕ್ಕ ಸುಲಭ. ಹಿಂದೂ ಗಂಡಸು ವಿಲ್ ಇಲ್ಲದೆ ತೀರಿಕೊಂಡರೆ ಮೊದಲನೇ ವರ್ಗದ ವಾರಸುದಾರರೆಲ್ಲ ಒಟ್ಟಿಗೆ, ಸಮನಾಗಿ ತೆಗೆದುಕೊಳ್ಳುತ್ತಾರೆ. ಹೆಂಡತಿ, ಮಗ, ಮಗಳು, ಮತ್ತು ಸತ್ತವರ ತಾಯಿ. ತಾಯಿ ಈ ಪಟ್ಟಿಯಲ್ಲಿದ್ದಾರೆ ಅನ್ನುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ತಂದೆ ಇರುವುದು ಎರಡನೇ ವರ್ಗದಲ್ಲಿ, ತಾಯಿ ಮೊದಲನೆಯದರಲ್ಲಿ. ಮಗ ಅಥವಾ ಮಗಳು ಅಪ್ಪನಿಗಿಂತ ಮುಂಚೆ ತೀರಿಕೊಂಡಿದ್ದರೆ ಅವರ ಕವಲಿಗೆ ಒಂದು ಪಾಲು ಸಿಗುತ್ತದೆ, ಇಲ್ಲಿ ಅಂಥವರು ಯಾರೂ ಇರಲಿಲ್ಲ. ಈ ಮನೆಯಲ್ಲಿ ಐದು ಜನ: ಅವ್ವ, ಅಜ್ಜಿ, ಅಕ್ಕ, ಇಬ್ಬರು ತಮ್ಮಂದಿರು. ಎರಡು ಎಕರೆ ಅಂದರೆ 80 ಗುಂಟೆ, ತಲೆಗೆ 16. ಮನೆಯಲ್ಲಿ ಐದರಲ್ಲಿ ಒಂದು. ಠೇವಣಿಯಲ್ಲಿ ಎರಡು ಲಕ್ಷ. ನಾಮಿನಿ ಆಗಿದ್ದ ದೊಡ್ಡ ತಮ್ಮನಿಗೆ ಬ್ಯಾಂಕು ಹಣ ಕೊಟ್ಟಿತ್ತು, ಅದು ಸರಿಯೇ. ಆದರೆ ಅವನು ಎಲ್ಲರ ಪರವಾಗಿ ಪಡೆದವನು, ಮಾಲೀಕ ಅಲ್ಲ.

ದೊಡ್ಡ ತಮ್ಮನ ಹೆಂಡತಿ ಒಮ್ಮೆ ಕೇಳಿದಳು: "ನಮ್ಮ ಮಗನಿಗೂ ಅಜ್ಜನ ಆಸ್ತ್ಯಾಗ ಪಾಲು ಐತಲ್ರಿ?" ಐದು ಎಕರೆಯಲ್ಲಿ ಆ ಹುಡುಗನಿಗೆ ಹಕ್ಕಿದೆ, ಆದರೆ ಅದು ತನ್ನ ಅಪ್ಪನ ಪಾಲಿನ ಒಳಗೆ. ತನ್ನ ಸೋದರತ್ತೆಯಾದ ಅಕ್ಕನ ಪಾಲನ್ನೋ ಚಿಕ್ಕಪ್ಪನ ಪಾಲನ್ನೋ ಅದು ಕಡಿಮೆ ಮಾಡುವುದಿಲ್ಲ. ಮನೆ, ಎರಡು ಎಕರೆ, ಠೇವಣಿಯಲ್ಲಿ, ತನ್ನ ಅಪ್ಪ ಬದುಕಿರುವಾಗ, ಆ ಹುಡುಗನಿಗೆ ಏನೂ ಇಲ್ಲ.

ಈಗ ಐದು ಎಕರೆ. ಇಲ್ಲಿ ಎರಡು ಮೆಟ್ಟಿಲು. ಜನ ಎಡವುವುದು ಇಲ್ಲೇ, ಹಾಗಾಗಿ ನಿಧಾನಕ್ಕೆ ಹೇಳುತ್ತೇನೆ.

ಮೊದಲ ಮೆಟ್ಟಿಲು: ಅಪ್ಪ ಉಸಿರು ಬಿಡುವ ಮುಂಚಿನ ಗಳಿಗೆಯಲ್ಲಿ ಆ ಹೊಲದ ವಾಟ್ನಿ ಆಗಿಬಿಟ್ಟಿತು ಅಂತ ಕಾನೂನು ಭಾವಿಸಿಕೊಳ್ಳುತ್ತದೆ. ಅಪ್ಪನ ಪಾಲು ಎಷ್ಟು ಅಂತ ತಿಳಿಯಲು ಮಾಡುವ ಲೆಕ್ಕ ಇದು. ಎರಡನೇ ಮೆಟ್ಟಿಲು: ಹಾಗೆ ಅಪ್ಪನ ಪಾಲಿಗೆ ಬಂದದ್ದನ್ನು ಮಾತ್ರ ಮೊದಲನೇ ವರ್ಗದ ವಾರಸುದಾರರಿಗೆ ಹಂಚುವುದು. ಇಡೀ ಐದು ಎಕರೆಯನ್ನು ವಾರಸುದಾರರಿಗೆ ನೇರವಾಗಿ ಹಂಚಿದರೆ ತಪ್ಪು. ಅಪ್ಪನ ಪಾಲನ್ನು ಮರೆತು ಮಕ್ಕಳ ನಡುವೆ ಮಾತ್ರ ಹಂಚಿದರೂ ತಪ್ಪು.

ಮೊದಲ ಮೆಟ್ಟಿಲಲ್ಲಿ ಯಾರು ಯಾರು? ಅಪ್ಪ, ಇಬ್ಬರು ಗಂಡುಮಕ್ಕಳು, ಮತ್ತು ಮಗಳು. ತಮ್ಮಂದಿರ ವಕೀಲರು ಇಲ್ಲೇ ಪಟ್ಟು ಹಿಡಿದರು. ಕರ್ನಾಟಕದ 1994ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತ್ತು, ಆದರೆ ಅದಕ್ಕೆ ಮುಂಚೆ ಮದುವೆ ಆದವರನ್ನು ಹೊರಗಿಟ್ಟಿತ್ತು. ಅಕ್ಕನ ಮದುವೆ 1991ರದು, ಆದ್ದರಿಂದ ಪಾಲಿಲ್ಲ ಅನ್ನುವುದು ಅವರ ವಾದ. ಊರ ಕಡೆ ಈ ಮಾತು ಇವತ್ತಿಗೂ ಜೀವಂತ ಇದೆ. ಆದರೆ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯ ಷರತ್ತೇ ಇಲ್ಲ. ಮಗಳು ಮಗನ ಹಾಗೆಯೇ ಹುಟ್ಟಿನಿಂದ ಹಕ್ಕುದಾರಳು. ಆ ತಾರೀಖಿಗೆ ಅಪ್ಪ ಬದುಕಿರಬೇಕಿತ್ತೋ ಇಲ್ಲವೋ ಅಂತ ಗೊಂದಲ ಇತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಬದುಕಿರಬೇಕಿಲ್ಲ ಅಂತ ಹೇಳಿತು. ನಮ್ಮ ಪ್ರಕರಣದಲ್ಲಿ ಅಪ್ಪ 2017ರವರೆಗೆ ಇದ್ದರು, ಹಾಗಾಗಿ ಆ ಗೊಂದಲವೇ ಬರಲಿಲ್ಲ.

ಒಂದು ಮಿತಿ ಮಾತ್ರ ಇದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿ ಪತ್ರದಿಂದ ಅಥವಾ ಕೋರ್ಟಿನ ಡಿಕ್ರಿಯಿಂದ ಆಗಿಹೋದ ವಾಟ್ನಿಯನ್ನು ಈ ತಿದ್ದುಪಡಿ ಹಿಡಿದು ಬಿಚ್ಚಲು ಬರುವುದಿಲ್ಲ. ಅದಕ್ಕೇ ಅಪ್ಪನ ತಂಗಿಗೆ 1974ರ ವಾಟ್ನಿಯನ್ನು ಮುಟ್ಟಲು ಆಗಲಿಲ್ಲ.

ಇನ್ನು ಅವ್ವ. ಹೆಂಡತಿ ತಾನೇ ಎದ್ದು ವಾಟ್ನಿ ಕೇಳಲು ಬರುವುದಿಲ್ಲ. ಆದರೆ ಗಂಡ ಮತ್ತು ಮಕ್ಕಳ ನಡುವೆ ವಾಟ್ನಿ ಆದರೆ ಅವಳಿಗೂ ಮಗನಷ್ಟೇ ಪಾಲು ಸಿಗುತ್ತದೆ ಅನ್ನುವುದು ಮುಂಬೈ ಶಾಖೆಯ ಹಿಂದೂ ಕಾನೂನು. ಧಾರವಾಡ, ಬೆಳಗಾವಿ, ವಿಜಯಪುರ ಕಡೆ ಹಳೆಯ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರಿಂದ ಇಲ್ಲಿ ಅದೇ ನಡೆಯುತ್ತದೆ. 1978ರ ಗುರುಪಾದ ಮಗದುಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಭಾವಿಸಿಕೊಂಡ ವಾಟ್ನಿಯಲ್ಲೂ ವಿಧವೆಗೆ ಈ ಪಾಲು ಕೊಡಲೇಬೇಕು, ಅದರ ಮೇಲೆ ವಾರಸಾ ಪಾಲು ಬೇರೆ ಅಂತ ಹೇಳಿತು. ಅಜ್ಜಿಗೆ ಮಾತ್ರ ಈ ಮೆಟ್ಟಿಲಲ್ಲಿ ಪಾಲಿಲ್ಲ, ಏಕೆಂದರೆ ಇದು ಅವರ ಮಗ ಮತ್ತು ಆ ಮಗನ ಮಕ್ಕಳ ನಡುವಿನ ವಾಟ್ನಿ.

ಹಾಗಾಗಿ ಐದು ಎಕರೆಗೆ ಐದು ಪಾಲು: ಅಪ್ಪ, ಅವ್ವ, ಅಕ್ಕ, ಇಬ್ಬರು ತಮ್ಮಂದಿರು. ತಲೆಗೆ ಒಂದು ಎಕರೆ, 40 ಗುಂಟೆ. ಎರಡನೇ ಮೆಟ್ಟಿಲಲ್ಲಿ ಅಪ್ಪನ 40 ಗುಂಟೆ ಐದು ವಾರಸುದಾರರಿಗೆ, ತಲಾ 8. ಕೂಡಿಸಿದರೆ ಅವ್ವನಿಗೆ 48, ಅಕ್ಕನಿಗೆ 48, ತಮ್ಮಂದಿರಿಗೆ 48, 48. ಅಜ್ಜಿಗೆ 8. ಒಟ್ಟು 200.

ಇದೇ ಮನೆ ಮದ್ರಾಸ್ ಕಡೆಯ ಹಳೆಯ ಪದ್ಧತಿ ನಡೆಯುವ ಜಾಗದಲ್ಲಿ ಇದ್ದಿದ್ದರೆ ಮೊದಲ ಮೆಟ್ಟಿಲಲ್ಲಿ ಅವ್ವನಿಗೆ ಪಾಲು ಇರುತ್ತಿರಲಿಲ್ಲ. ಆಗ ನಾಲ್ಕು ಪಾಲು, 50 ಗುಂಟೆಯಂತೆ. ಅಪ್ಪನ 50ರಲ್ಲಿ ತಲಾ 10. ಮಕ್ಕಳಿಗೆ 60, ಅವ್ವನಿಗೆ ಬರೀ 10. ಎಷ್ಟು ವ್ಯತ್ಯಾಸ ನೋಡಿ! ಹಳೇ ಮೈಸೂರು ಕಡೆಯವರಾದರೆ ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಇದ್ದ 1933ರ ಮೈಸೂರು ಕಾಯ್ದೆಯ ಪ್ರಶ್ನೆಯೂ ಏಳುತ್ತದೆ. ಅದಕ್ಕೇ ಇನ್ನೊಂದು ಜಿಲ್ಲೆಯ ತೀರ್ಪಿನ ಪಾಲನ್ನು ನಮ್ಮ ಮನೆಗೆ ಹಾಗೇ ತಂದು ಹಚ್ಚಬಾರದು.

ಪ್ರಕರಣ ಇಲ್ಲಿಗೆ ನಿಂತಿದ್ದರೆ ಬೇಗ ಮುಗಿಯುತ್ತಿತ್ತು. 2019ರಲ್ಲಿ ಅಜ್ಜಿ ತೀರಿಕೊಂಡರು. ಅವರೂ ವಿಲ್ ಬರೆದಿರಲಿಲ್ಲ.

ಅಜ್ಜಿ ಹೋದರು, ಅವರ ಪಾಲು ತಮಗೇ ವಾಪಸ್ ಬಂತು ಅಂತ ಮನೆಯವರು ತಿಳಿದರು. ಹಾಗಲ್ಲ. ಮಗ ಸತ್ತ ಗಳಿಗೆಯಲ್ಲೇ ಆ ಪಾಲು ಅಜ್ಜಿಯ ಸ್ವಂತದ್ದಾಗಿತ್ತು. ಹೆಣ್ಣುಮಗಳು ವಿಲ್ ಇಲ್ಲದೆ ಹೋದರೆ 15ನೇ ಕಲಮು. ಅದರ ಪ್ರಕಾರ ಮೊದಲು ಅವಳ ಗಂಡ, ಮಕ್ಕಳು ಮತ್ತು ಮುಂಚೆ ತೀರಿಕೊಂಡ ಮಕ್ಕಳ ಮಕ್ಕಳು. ಅಜ್ಜಿಗೆ ಗಂಡ ಇರಲಿಲ್ಲ. ಕಾಕಾ ಒಂದು ಪಾಲು, ಅತ್ತಿ ಒಂದು ಪಾಲು, ಅಪ್ಪನ ಮೂವರು ಮಕ್ಕಳು ಸೇರಿ ಒಂದು ಪಾಲು. ಸೊಸೆಗೆ, ಅಂದರೆ ಅವ್ವನಿಗೆ, ಇದರಲ್ಲಿ ಏನೂ ಇಲ್ಲ. ಆ ಪಟ್ಟಿಯಲ್ಲಿ ತೀರಿಕೊಂಡ ಮಗನ ಮಕ್ಕಳು ಇದ್ದಾರೆ, ಅವನ ಹೆಂಡತಿ ಇಲ್ಲ. ಕೊನೆಯವರೆಗೂ ಅಜ್ಜಿಯ ಸೇವೆ ಮಾಡಿದವರು ಅವ್ವ. ಇದನ್ನು ಅವರಿಗೆ ವಿವರಿಸುವಾಗ ನನಗೆ ಕಷ್ಟವಾಯಿತು.

ಕಾಕಾ ಬಂದು ತನ್ನ ಪಾಲು ಕೇಳಿದ ದಿನ ಮನೆಯ ಮಾತೇ ತಿರುಗಿತು. ಅಲ್ಲಿಯವರೆಗೆ ಮನೆ ಅಪ್ಪನ ಗಳಿಕೆ ಅನ್ನುತ್ತಿದ್ದ ತಮ್ಮಂದಿರು, ಎಲ್ಲವೂ ಪಿತ್ರಾರ್ಜಿತ ಅನ್ನಲು ಶುರು ಮಾಡಿದರು. ಹೊಲದ ಹುಟ್ಟುವಳಿಯಿಂದಲೇ ಮನೆ ಕೊಂಡದ್ದು ಅಂತ. ಅದರ ಹಿಂದೆ ಸರಿಯಾದ ಲೆಕ್ಕ ಇತ್ತು. ಎರಡು ಎಕರೆ ಅಪ್ಪನ ಸ್ವಂತದ್ದಾದರೆ ಅಜ್ಜಿಯ ಪಾಲು 16 ಗುಂಟೆ. ಪಿತ್ರಾರ್ಜಿತ ಆದರೆ ಅಪ್ಪನ 16 ಗುಂಟೆಯ ಐದರಲ್ಲಿ ಒಂದು, ಬರೀ ಮೂರು ಗುಂಟೆ ಚಿಲ್ಲರೆ. ಮನೆಗೂ ಅದೇ ಅನುಪಾತ. ಹೆಣ್ಣುಮಕ್ಕಳಿಗೂ ಹುಟ್ಟಿನ ಹಕ್ಕು ಬಂದ ಮೇಲೆ, ಆಸ್ತಿ ಪಿತ್ರಾರ್ಜಿತವೋ ಸ್ವಂತದ್ದೋ ಅನ್ನುವ ಜಗಳ ಇಂಥ ಮನೆಗಳಲ್ಲಿ ಅಕ್ಕ ತಮ್ಮಂದಿರ ನಡುವೆ ಅಷ್ಟಾಗಿ ಏನೂ ಬದಲಿಸುವುದಿಲ್ಲ. ಅದು ಮುಟ್ಟುವುದು ಸತ್ತವರ ತಾಯಿಯನ್ನು, ಅವರ ಮೂಲಕ ಕಾಕಾ ಮತ್ತು ಅತ್ತಿಯನ್ನು.

ಆ ವಾದ ನಿಲ್ಲಲಿಲ್ಲ. ಅವಿಭಕ್ತ ಆಸ್ತಿಯ ಹುಟ್ಟುವಳಿಯಿಂದ ಕೊಂಡದ್ದು ಅನ್ನುವವರು ಆ ಹುಟ್ಟುವಳಿ ಎಷ್ಟಿತ್ತು, ಖರ್ಚು ಕಳೆದು ಎಷ್ಟು ಉಳಿಯುತ್ತಿತ್ತು ಅಂತ ತೋರಿಸಬೇಕು. ಮಳೆ ನಂಬಿದ ಐದು ಎಕರೆಯಲ್ಲಿ ಮನೆ ಕೊಳ್ಳುವಷ್ಟು ಉಳಿತಾಯ ತೋರಿಸಲು ಅವರಿಗೆ ಆಗಲಿಲ್ಲ. ಅವ್ವನ ಟ್ರಂಕಿನಲ್ಲಿ ಮಾಸ್ತರರ ಸಾಲದ ಪಾಸ್‌ಪುಸ್ತಕ ಸಿಕ್ಕಿತು. ತಿಂಗಳು ತಿಂಗಳು ಸಂಬಳದಿಂದ ಮುರಿದ ಕಂತು, ಒಂದೂ ತಪ್ಪದೆ.

ಇನ್ನೊಂದು ಕಾಗದವೂ ಇತ್ತು, ತಮ್ಮಂದಿರ ದೊಡ್ಡ ಆಸರೆ. ಅಪ್ಪ ತೀರಿಕೊಂಡ ಮೂರು ತಿಂಗಳಿಗೆ, ಪಹಣಿಯಲ್ಲಿ ಹೆಸರು ಬದಲಿಸಲು ಕೊಟ್ಟ ವರ್ದಿ. ನಮ್ಮ ಹಕ್ಕು ಬಿಟ್ಟಿದ್ದೇವೆ, ಗಂಡುಮಕ್ಕಳ ಹೆಸರಿಗೆ ಮಾಡಿ ಅಂತ ಬರೆದು ಅವ್ವ ಮತ್ತು ಅಕ್ಕನ ಸಹಿ ಹಾಕಿಸಿದ್ದರು. ಅಕ್ಕನಿಗೆ ಸಹಿ ಹಾಕಿದ ನೆನಪಿತ್ತು. "ಪೌತಿ ಖಾತಾ ಮಾಡಾಕ ಬೇಕು ಅಂದ್ರು, ಹಾಕಿದ್ನಿ" ಅಂದಳು. ವಂಶಾವಳಿಯಲ್ಲಿ ಅಜ್ಜಿಯ ಹೆಸರನ್ನೇ ಬಿಟ್ಟಿದ್ದರು. ಸ್ಥಿರ ಆಸ್ತಿಯ ಪಾಲನ್ನು ಬಿಟ್ಟುಕೊಡಬೇಕಾದರೆ ಹಕ್ಕುಬಿಡುಗಡೆ ಪತ್ರ ನೋಂದಣಿ ಆಗಬೇಕು, 1984ರಲ್ಲಿ ಅಜ್ಜಿ ಮತ್ತು ಅತ್ತಿ ಮಾಡಿದ ಹಾಗೆ. ವರ್ದಿಯ ಸಹಿಯಿಂದ ಪಹಣಿ ಬದಲಾಗಬಹುದು, ಹಕ್ಕು ಬದಲಾಗುವುದಿಲ್ಲ. ಪಹಣಿ ಕಂದಾಯಕ್ಕಾಗಿ ಇಡುವ ದಾಖಲೆ, ಮಾಲೀಕತ್ವ ಕೊಡುವ ಪತ್ರ ಅಲ್ಲ. ಮ್ಯುಟೇಶನ್ ವಿರುದ್ಧ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕುವ ದಾರಿ ಇದೆ, ಆದರೆ ಪಾಲು ಎಷ್ಟು ಅಂತ ಹೇಳುವುದು ಸಿವಿಲ್ ಕೋರ್ಟೇ.

2020ರಲ್ಲಿ ಅಕ್ಕ ಪಾಲು ವಿಭಾಗದ ದಾವೆ ಹಾಕಿದಳು. ತಮ್ಮಂದಿರು, ಅವ್ವ, ಕಾಕಾ, ಅತ್ತಿ ಎಲ್ಲರನ್ನೂ ಪಕ್ಷಗಾರರನ್ನಾಗಿ ಮಾಡಿದೆವು. ಪಾಲುದಾರರಲ್ಲಿ ಒಬ್ಬರನ್ನು ಬಿಟ್ಟರೂ ದಾವೆಗೆ ಪೆಟ್ಟು. ಆಸ್ತಿಯಲ್ಲಿ ಒಂದನ್ನು ಬಿಟ್ಟರೂ ಆಕ್ಷೇಪ ಬರುತ್ತದೆ. ಅವ್ವನನ್ನು ಪ್ರತಿವಾದಿ ಮಾಡಿದಾಗ ಅಕ್ಕ ಅತ್ತಳು. ತಾಯಿಯ ಮೇಲೆ ಕೇಸು ಹಾಕಿದಳು ಅಂತ ಊರು ಅನ್ನುತ್ತದಲ್ಲ ಅಂತ. ಪ್ರತಿವಾದಿ ಅಂದರೆ ಎದುರಾಳಿ ಅಂತಲೇ ಅಲ್ಲ, ಪಾಲಿರುವವರೆಲ್ಲ ಕೋರ್ಟಿನ ಮುಂದೆ ಇರಬೇಕು ಅಷ್ಟೇ ಅಂತ ಎರಡೆರಡು ಸಲ ಹೇಳಬೇಕಾಯಿತು.

ಅಂತಿಮ ಲೆಕ್ಕ ಹೀಗೆ ಬಂತು. ಅಜ್ಜಿಯ ಪಾಲು ಐದು ಎಕರೆಯಲ್ಲಿ 8, ಎರಡು ಎಕರೆಯಲ್ಲಿ 16, ಒಟ್ಟು 24 ಗುಂಟೆ. ಅದರಲ್ಲಿ ಕಾಕಾನಿಗೆ 8, ಅತ್ತಿಗೆ 8, ಉಳಿದ 8 ಮೂವರು ಮಕ್ಕಳಿಗೆ, ತಲಾ ಎರಡೂ ಮುಕ್ಕಾಲಿಗೆ ಸ್ವಲ್ಪ ಕಮ್ಮಿ. ಹೀಗೆ ಮೂವರು ಮಕ್ಕಳಿಗೂ 66 ಗುಂಟೆಯ ಮೇಲೆ ಚೂರು, ಅವ್ವನಿಗೆ 64. ಮನೆಯಲ್ಲಿ ಅವ್ವನಿಗೆ ಐದರಲ್ಲಿ ಒಂದು, ಮಕ್ಕಳಿಗೆ ಒಂಬತ್ತರಲ್ಲಿ ಎರಡರಂತೆ, ಕಾಕಾ ಮತ್ತು ಅತ್ತಿಗೆ ಹದಿನೈದರಲ್ಲಿ ಒಂದರಂತೆ.

ಕಾಗದದ ಮೇಲೆ ಇದು ಸರಿ. ನೆಲದ ಮೇಲೆ ಎರಡೂವರೆ ಗುಂಟೆಯ ತುಂಡಿನಲ್ಲಿ ಯಾರೂ ಬಿತ್ತಲು ಆಗುವುದಿಲ್ಲ. ಮನೆಯನ್ನು ಒಂಬತ್ತು ತುಂಡು ಮಾಡಲೂ ಆಗದು. ಡಿಕ್ರಿಯ ದಾರಿಯಲ್ಲೇ ಹೋಗಿದ್ದರೆ ಮೊದಲು ಪ್ರಾಥಮಿಕ ಡಿಕ್ರಿ, ಆಮೇಲೆ ಅಂತಿಮ ಡಿಕ್ರಿಯ ಅರ್ಜಿ, ಹೊಲಕ್ಕೆ ಸರ್ವೆಯವರು, ಮನೆಗೆ ಕೋರ್ಟ್ ಕಮಿಷನರ್. ಮನೆ ಭಾಗ ಆಗುವುದಿಲ್ಲ ಅಂದರೆ ಮಾರಾಟ. ಅವ್ವ ಇದ್ದ ಮನೆ ಹರಾಜಿಗೆ ಬರುವುದು ಯಾರಿಗೂ ಬೇಡವಾಗಿತ್ತು. ಪಾಲಿನ ಅಂಕಿ ಎಲ್ಲರಿಗೂ ಒಪ್ಪಿತವಾದ ಮೇಲೆ ರಾಜಿ ಮಾತು ಸುಲಭವಾಯಿತು. ಅಲ್ಲಿಯವರೆಗೆ ಕೊಡುತ್ತೇನೆ ಅನ್ನುವುದು ಉಪಕಾರದ ಮಾತಾಗಿತ್ತು, ಆಮೇಲೆ ಬರಬೇಕಾದ್ದರ ಮಾತಾಯಿತು.

2022ರಲ್ಲಿ ಲೋಕ ಅದಾಲತ್ತಿನಲ್ಲಿ ರಾಜಿ ಆಯಿತು. ಧಾರವಾಡದ ಮನೆ ಅವ್ವ ಇರುವತನಕ ಅವರದ್ದೇ ವಾಸ, ಆಮೇಲೆ ಇಬ್ಬರು ತಮ್ಮಂದಿರಿಗೆ. ಅದರ ಬದಲು ಅಕ್ಕ ಹೊಲದಲ್ಲಿ ತನ್ನ ಪಾಲಿಗಿಂತ ಜಾಸ್ತಿ ತೆಗೆದುಕೊಂಡಳು, ಐದು ಎಕರೆಯ ಪೂರ್ವದ ಕಡೆ ಎರಡು ಎಕರೆ. ಕಾಕಾ ಹಳ್ಳದ ದಂಡೆಯಲ್ಲಿ ತನ್ನ ಹೊಲಕ್ಕೆ ಹೊಂದಿದ 16 ಗುಂಟೆ ಇಟ್ಟುಕೊಂಡರು, ಮನೆಯ ಹಕ್ಕು ಬಿಟ್ಟರು. ಅತ್ತಿ ಹಣ ಪಡೆದು ಬಿಟ್ಟುಕೊಟ್ಟರು. ಈ ಸಲವೂ ನೋಂದಣಿ ಮಾಡಿಸಿಯೇ.

ಸರ್ವೆ ದಿನ ನಾನೂ ಹೋಗಿದ್ದೆ. ಚೈನು ಎಳೆದು ಕಲ್ಲು ನೆಡುವಾಗ ಚಿಕ್ಕ ತಮ್ಮ ಗುದ್ದಲಿ ಹಿಡಿದು ಅಕ್ಕನ ಬದಿಯ ಕಲ್ಲಿಗೆ ಮಣ್ಣು ಹಾಕುತ್ತಿದ್ದ. ಪೋಡಿ ಆಗಿ ಹೊಸ ಹಿಸ್ಸಾ ನಂಬರು ಬಂದ ಮೇಲೆ ಅಕ್ಕ ಮತ್ತೆ ನಾಡಕಚೇರಿಗೆ ಹೋಗಿ ಪಹಣಿ ತೆಗೆಸಿದಳು. ಒಂಬತ್ತನೇ ಕಾಲಮ್ಮಿನಲ್ಲಿ ಅವಳ ಹೆಸರು, ಮುಂದೆ ಅಪ್ಪನ ಹೆಸರು.